ಸೋಫಾ ಬದಲಾಗಲಿ, ಗೋಡೆ ಮೇಲಿನ ಅಜ್ಜ ಹಾಗೇ ಇರಲಿ

ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಹಾಲ್ ಎಂದಿಟ್ಟುಕೊಳ್ಳೋಣ. ಕಂದು ಬಣ್ಣದ ರೆಕ್ಸಿನ್ ಸೋಫಾ, ಬಿಳಿ ವಿಟ್ರಿಫೈಡ್ ಟೈಲ್ಸ್, ಎಡಗಡೆ ಗ್ರಿಲ್ ಹಾಕಿದ ಕಿಟಕಿ, ಸೋಫಾದ ಮೇಲೆ ಗೋಡೆಯಲ್ಲಿ ಹಾರ ಹಾಕಿದ ಅಜ್ಜನ ಫೋಟೋ. ಮನೆಯವರು ಹಾಲಿನ ಚಿತ್ರವೊಂದನ್ನು ತೆಗೆದು ಮೊಬೈಲಿನ ಆ್ಯಪ್‌ಗೆ ಹಾಕಿ, ಹೊಸ ಸೋಫಾ ಇಟ್ಟರೆ ಹೇಗೆ ಕಾಣುತ್ತದೆ ಎಂದು ಕೇಳುತ್ತಾರೆ. ಅರೆಗಳಿಗೆಯಲ್ಲಿ ಬೂದು ಬಟ್ಟೆಯ ಸೋಫಾ ಬಂದು ಕೂರುತ್ತದೆ. ಚೆನ್ನಾಗಿಯೇ ಇದೆ. ಆದರೆ ಕಣ್ಣು ಮೇಲಕ್ಕೆ ಹೋದರೆ ಅಜ್ಜ ಬೇರೆ ಯಾರೋ ಆಗಿದ್ದಾರೆ. ಪೇಟ ಅದೇ, ಮೀಸೆ ಅದೇ, ಮುಖ ಮಾತ್ರ ಪರಿಚಯವಿಲ್ಲದ್ದು. ಗಡಿಯಾರದ ಅಂಕಿಗಳು ಕರಗಿ ಗೀಟುಗಳಾಗಿವೆ. ಗ್ರಿಲ್ಲಿನಲ್ಲಿ ಒಂದು ಸರಳು ಕಡಿಮೆ.

ಹೀಗಾಗುವುದಕ್ಕೆ ಕಾರಣ ಸರಳ. ಆ ಆ್ಯಪ್ ಸೋಫಾವನ್ನು ಎತ್ತಿ ಇನ್ನೊಂದನ್ನು ಇಟ್ಟಿಲ್ಲ. ಇಡೀ ಹಾಲನ್ನು ಮೊದಲಿನಿಂದ ಬರೆದುಕೊಟ್ಟಿದೆ. ಮಾತಿನಲ್ಲಿ ಹೇಳಿದರೆ ಸಾಕು ಎನ್ನುವ ಇತ್ತೀಚಿನ ಚಿತ್ರ ತಂತ್ರಾಂಶಗಳಲ್ಲಿ ಬಹಳಷ್ಟು ಕೆಲಸ ಮಾಡುವುದೇ ಹೀಗೆ. ಚಿತ್ರದ ಒಂದು ಭಾಗವನ್ನು ಗುರುತಿಸಿ, ಅಷ್ಟನ್ನು ಮಾತ್ರ ಹೊಸದಾಗಿ ಬರೆಸಿ, ಉಳಿದದ್ದನ್ನು ಇದ್ದ ಹಾಗೇ ಬಿಡುವ ವಿಧಾನಕ್ಕೆ ಇನ್‌ಪೇಂಟಿಂಗ್ ಎನ್ನುತ್ತಾರೆ. ಗುರುತಿಸಿದ ಭಾಗಕ್ಕೆ ಮಾಸ್ಕ್ ಎಂದು ಹೆಸರು. ಕೇಳಲು ಸುಲಭ. ‘ಇದ್ದ ಹಾಗೇ ಬಿಡುವುದು’ ಎಂಬ ಅರ್ಧ ಮಾತ್ರ ಅಷ್ಟು ಸುಲಭವಲ್ಲ.

ಕಂಪ್ಯೂಟರಿನಲ್ಲಿ ಈ ಕೆಲಸ ಹೊಸದೇನೂ ಅಲ್ಲ. ಬರ್ಟಾಲ್ಮಿಯೊ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ವಿಧಾನ, ಹಳೆಯ ಫೋಟೋದ ಗೀರುಗಳನ್ನು ಸುತ್ತಲಿನ ಬಣ್ಣ ಒಳಕ್ಕೆ ಹರಿಸಿ ಮುಚ್ಚುತ್ತಿತ್ತು. 2010ರಲ್ಲಿ ಫೋಟೋಶಾಪ್‌ಗೆ ಬಂದ ಕಂಟೆಂಟ್ ಅವೇರ್ ಫಿಲ್, ಚಿತ್ರದ ಬೇರೆ ಜಾಗಗಳಿಂದ ತುಣುಕುಗಳನ್ನು ತಂದು ಅಂಟಿಸುತ್ತಿತ್ತು. ಇವುಗಳಿಂದ ಸೋಫಾ ಅಳಿಸಬಹುದಿತ್ತು. ಚಿತ್ರದಲ್ಲೇ ಇಲ್ಲದ ಹೊಸ ಸೋಫಾ ತರಲು ಆಗುತ್ತಿರಲಿಲ್ಲ. ಅದು ಸಾಧ್ಯವಾದದ್ದು ಡಿಫ್ಯೂಷನ್ ಮಾದರಿಗಳಿಂದ. 2022ರ ಆಗಸ್ಟಿನಲ್ಲಿ ಸ್ಟೇಬಲ್ ಡಿಫ್ಯೂಷನ್ ಸಾರ್ವಜನಿಕರ ಕೈಗೆ ಬಂತು. ಮರುವರ್ಷ ಅಡೋಬಿ ಸಂಸ್ಥೆ ಫೋಟೋಶಾಪ್‌ಗೆ ಜನರೇಟಿವ್ ಫಿಲ್ ಸೇರಿಸಿತು.

ಈ ಮಾದರಿಗಳು ಮಾಸ್ಕಿನ ಒಳಗೆ ಗೊತ್ತುಗುರಿಯಿಲ್ಲದ ಚುಕ್ಕೆಗಳ ಗದ್ದಲ ತುಂಬಿ, ಅದನ್ನು ಹಂತಹಂತವಾಗಿ ತಿಳಿಗೊಳಿಸುತ್ತ ಆಕಾರ ಬರಿಸುತ್ತವೆ. ಪ್ರತಿ ಹಂತದಲ್ಲೂ ಸುತ್ತಲಿನ ಹಾಲು ಅವುಗಳ ಕಣ್ಣೆದುರಿಗೇ ಇರುತ್ತದೆ. ಹಾಗಾಗಿಯೇ ಹೊಸ ಸೋಫಾದ ಮೇಲೆ ಎಡಗಡೆಯ ಕಿಟಕಿಯ ಬೆಳಕು ಬೀಳುತ್ತದೆ, ಬೆನ್ನು ಗೋಡೆಗೆ ಸರಿಯಾಗಿ ಒರಗುತ್ತದೆ.

ತೊಡಕು ಇರುವುದು ಚಿತ್ರವನ್ನು ಮಾದರಿ ಹೇಗೆ ಇಟ್ಟುಕೊಳ್ಳುತ್ತದೆ ಎಂಬುದರಲ್ಲಿ. ಸ್ಟೇಬಲ್ ಡಿಫ್ಯೂಷನ್ ಬಗೆಯ ಮಾದರಿಗಳು ನೇರವಾಗಿ ಪಿಕ್ಸೆಲ್‌ಗಳ ಮೇಲೆ ಕೆಲಸ ಮಾಡುವುದಿಲ್ಲ. ಅಡ್ಡ ಎಂಟು, ಉದ್ದ ಎಂಟು ಪಿಕ್ಸೆಲ್‌ಗಳ ಚೌಕವನ್ನು ಒಂದೇ ಮನೆಯಾಗಿ ಕುಗ್ಗಿಸಿಕೊಳ್ಳುತ್ತವೆ. 512 ಪಿಕ್ಸೆಲ್ ಅಗಲದ ಚಿತ್ರ ಒಳಗೆ 64 ಮನೆಗಳಷ್ಟೇ. ಕೆಲಸ ಮುಗಿದ ಮೇಲೆ ಮತ್ತೆ ಹಿಗ್ಗಿಸಿ ಹೊರಗೆ ಕೊಡುತ್ತವೆ. ನಾಲ್ಕು ಪುಟದ ಕಾಗದವನ್ನು ಯಾರೋ ಅರ್ಧ ಪುಟಕ್ಕೆ ಇಳಿಸಿ, ಇನ್ಯಾರೋ ಅದನ್ನು ಓದಿ ಪುನಃ ನಾಲ್ಕು ಪುಟ ಬರೆದ ಹಾಗೆ: ವಿಷಯ ಉಳಿಯುತ್ತದೆ, ಅಕ್ಷರ ಉಳಿಯುವುದಿಲ್ಲ. ಬಿಳಿ ಗೋಡೆಗೆ ಇದರಿಂದ ನಷ್ಟವಿಲ್ಲ. ಸಣ್ಣ ಮುಖ, ಗಡಿಯಾರದ ಅಂಕಿ, ಗ್ರಿಲ್ಲಿನ ಸರಳು, ಕ್ಯಾಲೆಂಡರಿನ ಅಕ್ಷರ, ಇವು ಕೆಡುತ್ತವೆ. ಮಾಸ್ಕ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಕೆಡುತ್ತವೆ, ಯಾಕೆಂದರೆ ಮಾಸ್ಕಿನ ಹೊರಗಿನ ಭಾಗವೂ ಈ ಕುಗ್ಗಿಸಿ ಹಿಗ್ಗಿಸುವ ದಾರಿಯಲ್ಲೇ ಹೋಗಿಬರುತ್ತದೆ.

ಪರಿಹಾರ ಸಲೀಸಾದದ್ದು. ಮಾದರಿ ಕೊಟ್ಟ ಚಿತ್ರದಿಂದ ಮಾಸ್ಕಿನ ಒಳಭಾಗವನ್ನು ಮಾತ್ರ ತೆಗೆದುಕೊಂಡು, ಮೂಲ ಫೋಟೋದ ಮೇಲೆ ಕೂರಿಸುವುದು. ಹೊರಗಿನದ್ದೆಲ್ಲ ಕ್ಯಾಮೆರಾ ತೆಗೆದ ಮೂಲ ಪಿಕ್ಸೆಲ್‌ಗಳೇ ಆಗಿ ಉಳಿಯುತ್ತವೆ. ಒಳ್ಳೆಯ ತಂತ್ರಾಂಶಗಳು ಇದನ್ನು ತಾವೇ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಮಾಡಿದೆಯೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ತಿಳಿಯುವುದು ಕಷ್ಟ. ಪರೀಕ್ಷೆ ಮಾತ್ರ ಯಾರು ಬೇಕಾದರೂ ಮಾಡಬಹುದು: ಉಚಿತವಾಗಿ ಸಿಗುವ GIMP ತಂತ್ರಾಂಶದಲ್ಲಿ ಹಳೆಯದರ ಮೇಲೆ ಹೊಸ ಚಿತ್ರವನ್ನಿಟ್ಟು, ಮೇಲಿನ ಪದರದ ಮೋಡ್ ಅನ್ನು `Difference` ಮಾಡಿದರೆ ವ್ಯತ್ಯಾಸವಿಲ್ಲದ ಕಡೆಯೆಲ್ಲ ಅಪ್ಪಟ ಕಪ್ಪಾಗುತ್ತದೆ. ಸೋಫಾದ ಜಾಗ ಬೆಳಗಿ, ಉಳಿದ ಹಾಲು ಕಪ್ಪಾಗಿದ್ದರೆ ಕೆಲಸ ಸರಿ. ಅಜ್ಜನ ಮುಖ ಮಂಕಾಗಿ ತೇಲಿ ಕಂಡರೆ ಆ ಚಿತ್ರ ಆಗಲಿಲ್ಲ. ಎರಡೂ ಚಿತ್ರ PNG ರೂಪದಲ್ಲಿರಬೇಕು ಅಷ್ಟೆ. ಹೊಸದನ್ನು JPEG ಮಾಡಿ ಉಳಿಸಿದರೆ ಆ ಉಳಿಸುವ ಕ್ರಿಯೆಯೇ ಚಿತ್ರದ ತುಂಬ ಸಣ್ಣ ವ್ಯತ್ಯಾಸ ಎಬ್ಬಿಸಿ ಪರೀಕ್ಷೆಯನ್ನು ಗೊಂದಲ ಮಾಡುತ್ತದೆ.

ಇನ್ನು ಆ ಕಂದು ಸೋಫಾ. ಇಲ್ಲಿ ಮೊದಲ ಪ್ರಶ್ನೆ, ಯಾವುದು ಸೋಫಾ? ಮೆಟಾ ಸಂಸ್ಥೆ 2023ರಲ್ಲಿ ಬಿಡುಗಡೆ ಮಾಡಿದ ಸೆಗ್ಮೆಂಟ್ ಎನಿಥಿಂಗ್‌ನಂಥ ಮಾದರಿ ಇದ್ದರೆ ಒಂದು ಕ್ಲಿಕ್ಕಿಗೆ ಸೋಫಾದ ಅಂಚು ಹಿಡಿದು ಕತ್ತರಿಸಿದಂತೆ ಮಾಸ್ಕ್ ಸಿಗುತ್ತದೆ. ಅಷ್ಟು ಬಿಗಿಯಾದ ಮಾಸ್ಕ್ ಎರಡು ರೀತಿ ಕೈಕೊಡುತ್ತದೆ.

ಒಂದು, ನೆರಳು ಹೊರಗೆ ಉಳಿಯುತ್ತದೆ. ಕಂದು ಸೋಫಾ ನೆಲಕ್ಕೆ ಅಂಟಿಕೊಂಡು ಕೂತದ್ದು. ಅದರ ಬುಡದುದ್ದಕ್ಕೂ ಗಾಢ ನೆರಳಿನ ಪಟ್ಟಿ, ಮಿರುಗುವ ಟೈಲ್ಸಿನ ಮೇಲೆ ಕಂದು ಪ್ರತಿಬಿಂಬ. ಬೇಕಾದದ್ದು ಎತ್ತರದ ಮರದ ಕಾಲಿನ ಸೋಫಾ, ಅಡಿಯಲ್ಲಿ ಗಾಳಿ ಬೆಳಕು ಆಡುವಂಥದ್ದು. ಹಳೆಯ ನೆರಳು ಹಾಗೇ ಉಳಿದರೆ ಮಾದರಿ ಅದನ್ನು ಸಾಕ್ಷ್ಯವೆಂದು ನಂಬುತ್ತದೆ. ಇಷ್ಟು ನೆರಳಿದ್ದರೆ ಇಲ್ಲೊಂದು ದಪ್ಪ ವಸ್ತು ಇರಲೇಬೇಕು ಎಂದು ಮತ್ತೆ ನೆಲಕ್ಕಂಟಿದ ಸೋಫಾವನ್ನೇ ಬರೆಯುತ್ತದೆ. ಟೀಪಾಯಿಯನ್ನು ಅಳಿಸಲು ಹೋದಾಗ ಅಲ್ಲಿ ಇನ್ನೊಂದು ಪೀಠವೋ ಹೂಕುಂಡವೋ ತಾನಾಗಿ ಹುಟ್ಟಿಕೊಳ್ಳುವುದೂ ಬಹಳ ಸಲ ಇದೇ ಕಾರಣಕ್ಕೆ.

ಎರಡನೆಯದು ಆಕಾರ. ಮಾಸ್ಕಿನ ಗೆರೆ ಹಳೆಯ ಸೋಫಾದ ಗೆರೆಯೇ ಆಗಿದ್ದರೆ ಹೊಸದೂ ಅದೇ ಅಚ್ಚಿನಲ್ಲಿ ಬರುತ್ತದೆ: ಅದೇ ಗುಂಡು ಕೈಗಳು, ಅದೇ ಉಬ್ಬಿದ ಬೆನ್ನು, ಬಟ್ಟೆ ಮಾತ್ರ ಬೇರೆ. ಹೊದಿಕೆ ಬದಲಿಸಬೇಕಾದವರಿಗೆ ಇದು ವರದಾನ. ಹೊಸ ವಿನ್ಯಾಸ ಬೇಕಾದವರು ಸೋಫಾದ ಸುತ್ತ ಜಾಗ ಬಿಟ್ಟು, ನೆರಳು ಮತ್ತು ಪ್ರತಿಬಿಂಬ ಎರಡನ್ನೂ ಒಳಗೆ ಸೇರಿಸಿ, ಹೆಚ್ಚುಕಡಿಮೆ ಆಯತಾಕಾರದ ಮಾಸ್ಕನ್ನು ಕೈಯಲ್ಲೇ ಬಳಿಯುವುದು ಮೇಲು. ಮಾಸ್ಕಿನ ಮೇಲಂಚು ಅಜ್ಜನ ಫೋಟೋದ ಚೌಕಟ್ಟಿಗೆ ತಾಗಬಾರದು; ಖಾಲಿ ಗೋಡೆಯ ಮೇಲೆ ನಿಲ್ಲಬೇಕು. ಅಂಚು ಸಾದಾ ಜಾಗದಲ್ಲಿ ಬಿದ್ದರೆ ಬೆಸುಗೆ ಕಾಣುವುದಿಲ್ಲ. ಮಾಸ್ಕಿನಂಚನ್ನು ಮಸುಕು ಮಾಡುವ `Mask blur` ಎಂಬ ಸೌಲಭ್ಯ ಈ ಬೆಸುಗೆಗಾಗಿಯೇ ಇರುವುದು. ಗೋಡೆಯ ಮೇಲೆ ಅದು ವರ. ಕುರ್ಚಿಯ ಕಾಲಿನಂಥ ಚೂಪು ಅಂಚಿನ ಮೇಲೆ ಬಿದ್ದರೆ ಹಳೆಯದು ಹೊಸದು ಎರಡೂ ಬೆರೆತು ದೆವ್ವದ ಕಾಲಿನಂತಾಗುತ್ತದೆ.

ಸೂಚನೆಯ ಮಾತಿಗೂ ಒಂದು ಮರ್ಯಾದೆಯಿದೆ. ‘ಕಂದು ಸೋಫಾ ತೆಗೆದು ಬೂದು ಸೋಫಾ ಹಾಕು’ ಎಂದು ಬರೆದರೆ ಸ್ಟೇಬಲ್ ಡಿಫ್ಯೂಷನ್ ಜಾತಿಯ ಮಾದರಿಗೆ ‘ತೆಗೆ’ ಎಂಬುದು ಅರ್ಥವಾಗದು. ಕಂದು, ಸೋಫಾ, ಬೂದು ಎಂಬ ಮೂರೂ ಅದರ ತಲೆಗೆ ಹೋಗಿ ಮೂರೂ ಚಿತ್ರದಲ್ಲಿ ಮೂಡಬಹುದು. ಕೊನೆಗೆ ಆ ಜಾಗದಲ್ಲಿ ಏನು ಕಾಣಬೇಕೋ ಅದನ್ನಷ್ಟೇ ವರ್ಣಿಸಬೇಕು: ಬೂದು ಬಟ್ಟೆಯ ಮೂರು ಜನರ ಸೋಫಾ, ತೇಗದ ಕಾಲು, ಎಡದಿಂದ ಹಗಲು ಬೆಳಕು.

ಗಾತ್ರದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬೇಕು. ಮೊಬೈಲಿನ ಫೋಟೋ 4000 ಪಿಕ್ಸೆಲ್ ಅಗಲ, 3000 ಎತ್ತರ, ಅದರಲ್ಲಿ ಸೋಫಾದ ಅಗಲ 1500 ಎನ್ನೋಣ. ಇಡೀ ಫೋಟೋವನ್ನು ಮಾದರಿಗೆ ಹಿಡಿಸುವಂತೆ 1024ಕ್ಕೆ ಇಳಿಸಿದರೆ ಸೋಫಾ 384 ಪಿಕ್ಸೆಲ್ ಆಗುತ್ತದೆ, ಒಳಗಿನ ಲೆಕ್ಕದಲ್ಲಿ ಬರೀ 48 ಮನೆ. ಅಷ್ಟರಲ್ಲಿ ಬರೆದದ್ದನ್ನು ಮತ್ತೆ ದೊಡ್ಡದು ಮಾಡಿದಾಗ ಚೂಪಾದ ಹಾಲಿನ ನಡುವೆ ಮಂಜು ಹಿಡಿದ ಸೋಫಾ ಕೂತಿರುತ್ತದೆ. ಬದಲಿಗೆ ಸೋಫಾದ ಎರಡೂ ಕಡೆ 250 ಪಿಕ್ಸೆಲ್ ಬಿಟ್ಟು 2000 ಅಗಲದ ತುಂಡನ್ನು ಮಾತ್ರ ಕತ್ತರಿಸಿ 1024ಕ್ಕೆ ಇಳಿಸಿದರೆ ಸೋಫಾಕ್ಕೆ 768 ಪಿಕ್ಸೆಲ್, 96 ಮನೆ ಸಿಗುತ್ತವೆ. ಅಗಲದಲ್ಲಿ ಎರಡು ಪಟ್ಟು, ಎತ್ತರದಲ್ಲಿ ಎರಡು ಪಟ್ಟು, ಒಟ್ಟು ನಾಲ್ಕು ಪಟ್ಟು ವಿವರ. ಹವ್ಯಾಸಿಗಳು ಬಹಳವಾಗಿ ಬಳಸುವ AUTOMATIC1111 ತಂತ್ರಾಂಶದಲ್ಲಿ ಈ ಆಯ್ಕೆಯ ಹೆಸರು `Only masked`. ಅದರ ಪಕ್ಕದಲ್ಲೇ, ಸುತ್ತ ಎಷ್ಟು ಜಾಗ ಬಿಡಬೇಕು ಎಂಬ ಅಂಕಿ ಇರುತ್ತದೆ. ತಾನಾಗಿ ಬರುವುದು 32. ಹಾಲಿನ ಕೆಲಸಕ್ಕೆ ಅದು ತೀರಾ ಕಡಿಮೆ. ತುಂಡು ಅಷ್ಟು ಬಿಗಿಯಾದರೆ ಕಿಟಕಿ, ನೆಲದ ಗೆರೆಗಳು ಯಾವುದೂ ಮಾದರಿಗೆ ಕಾಣದೆ, ಬೆಳಕು ಬಲಗಡೆಯಿಂದ ಬಿದ್ದ ಸೋಫಾ ಬರುತ್ತದೆ, ಇಲ್ಲವೇ ಒಂದು ಸೋಫಾದ ಬದಲು ಎರಡು ಸಣ್ಣ ಸೋಫಾ.

ಸೋಫಾ ಹೇಗೋ ಆಯಿತು. ನೆಲದ ಕಷ್ಟವೇ ಬೇರೆ.

ಸೋಫಾ ಎಂದರೆ ಒಂದು ವಸ್ತು. ನೆಲ ಎಂದರೆ ಉಳಿದೆಲ್ಲ ವಸ್ತುಗಳ ನಡುವೆ ಹರಿದುಹೋದ ಜಾಗ: ಡೈನಿಂಗ್ ಕುರ್ಚಿಗಳ ಕಾಲುಗಳ ಸಂದಿ, ಪರದೆಯ ಅಂಚು, ಬಾಗಿಲ ಬಳಿಯ ಚಪ್ಪಲಿ, ಟಿವಿ ಸ್ಟ್ಯಾಂಡಿನ ಕೆಳಗೆ ಕಾಣುವ ಬೆರಳಗಲದ ಪಟ್ಟಿ. ಮೂಲ ಫೋಟೋದಲ್ಲಿ 30 ಪಿಕ್ಸೆಲ್ ಅಗಲ ಇದ್ದ ಕುರ್ಚಿ ಕಾಲು, ಚಿತ್ರವನ್ನು 1024ಕ್ಕೆ ಇಳಿಸಿದಾಗ ಎಂಟು ಪಿಕ್ಸೆಲ್‌ಗೂ ಕಡಿಮೆಯಾಗುತ್ತದೆ, ಅಂದರೆ ಒಳಗಿನ ಒಂದು ಮನೆಯನ್ನೂ ತುಂಬುವುದಿಲ್ಲ. ಮಾದರಿಯ ಪಾಲಿಗೆ ಆ ಕಾಲು ಇಲ್ಲ. ಅದು ಅದರ ಮೇಲೆ ನೆಲ ಬಳಿಯುತ್ತದೆ, ಇಲ್ಲವೇ ತನಗೆ ತೋಚಿದ ಕಡೆ ಬೇರೆ ಕಾಲು ಬರೆಯುತ್ತದೆ. ಕುರ್ಚಿಗಳು ತೇಲುವುದು ಇಲ್ಲಿಂದ. ಆದ್ದರಿಂದ ಮಾಸ್ಕನ್ನು ಮೂಲ ಗಾತ್ರದಲ್ಲೇ ಮಾಡಿಟ್ಟುಕೊಂಡು, ಮಾದರಿಯ ಕೆಲಸ ಮುಗಿದ ಮೇಲೆ ಆ ದೊಡ್ಡ ಮಾಸ್ಕಿನಿಂದಲೇ ಕಾಲುಗಳನ್ನು ಮೂಲ ಫೋಟೋದಿಂದ ವಾಪಸ್ ಕೂರಿಸಬೇಕು. ಸ್ಕರ್ಟಿಂಗ್ ವಿಷಯವನ್ನೂ ಮೊದಲೇ ತೀರ್ಮಾನಿಸಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ಗೋಡೆಯ ಬುಡದ ಆ ಪಟ್ಟಿ ಸಾಮಾನ್ಯವಾಗಿ ನೆಲದ ಟೈಲ್ಸಿನದ್ದೇ. ಅದನ್ನು ಬಿಟ್ಟು ನೆಲ ಮಾತ್ರ ಬದಲಿಸಿದರೆ, ಕೆಂಪು ನೆಲದ ಸುತ್ತ ಬಿಳಿ ಅಂಚು ಉಳಿದು ಕೆಲಸದ ಗುಟ್ಟು ರಟ್ಟಾಗುತ್ತದೆ.

ಈ ಹಾಲಿಗೆ ಬೇಕಾದದ್ದು ರೆಡ್ ಆಕ್ಸೈಡ್ ನೆಲ ಎನ್ನೋಣ. ಹಳೇ ಮನೆಗಳ ಆ ನುಣುಪು ಕೆಂಪು ಈಗ ಮತ್ತೆ ಬೇಡಿಕೆಗೆ ಬಂದಿದೆ. ಮಾದರಿಗೆ ಇದು ಸುಲಭದ ಕೆಲಸ, ಸಂದುಗಳೇ ಕಡಿಮೆ. ಆದರೂ ಬಿಳಿ ಟೈಲ್ಸಿನ ಮೇಲೆ ಬಿದ್ದಿದ್ದ ಬಿಸಿಲ ಚೌಕ ಎಲ್ಲಿಗೆ ಹೋಯಿತು? ಎಷ್ಟು ಅಳಿಸಿ ಬರೆಯಬೇಕು ಎಂಬುದನ್ನು ತೀರ್ಮಾನಿಸುವ ಗುಂಡಿ `Denoising strength`. ಅದು 1ಕ್ಕಿದ್ದರೆ ಮಾಸ್ಕಿನೊಳಗಿನ ಹಳೆಯದೆಲ್ಲ ಅಳಿಯುತ್ತದೆ. ಬಿಸಿಲ ಚೌಕ, ಗ್ರಿಲ್ಲಿನ ನೆರಳು, ಕುರ್ಚಿಗಳ ನೆರಳು ಎಲ್ಲ ಹೋಗಿ, ಮಾದರಿ ತನ್ನ ಊಹೆಯ ಬೆಳಕು ಹಾಕುತ್ತದೆ. ಅರ್ಧಕ್ಕಿಳಿಸಿದರೆ ಬೆಳಕು ಉಳಿಯುತ್ತದೆ, ಜೊತೆಗೆ ಹಳೆಯ ಟೈಲ್ಸಿನ ಸಂದುಗೆರೆಗಳೂ ಕೆಂಪಿನಡಿಯಿಂದ ಇಣುಕುತ್ತವೆ. ಬಿಳಿ ನೆಲ ಕೆಂಪಾಗುವುದೂ ಅನುಮಾನ, ಗುಲಾಬಿಯಲ್ಲಿ ನಿಂತುಬಿಡಬಹುದು. ಎರಡರ ನಡುವೆ ಒಂದು ಸರಿಯಾದ ಅಂಕಿ ಇದೆ ಎಂದು ಹುಡುಕುತ್ತ ಕೂರುವವರು ಬಹಳ. ಬಹಳಷ್ಟು ಫೋಟೋಗಳಲ್ಲಿ ಅಂಥ ಅಂಕಿಯೇ ಇರುವುದಿಲ್ಲ.

ಅನುಭವಸ್ಥರು ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡಿಕೊಳ್ಳುತ್ತಾರೆ. ಹಳೆಯ ನೆಲ ಒಂದೇ ಬಣ್ಣದ ಬಿಳಿ ಟೈಲ್ಸ್ ಆಗಿರುವುದು ಇಲ್ಲಿ ಅನುಕೂಲವೇ. ಅದರ ಕಪ್ಪುಬಿಳುಪು ಪ್ರತಿ ತೆಗೆದು, ಸಂದುಗೆರೆ ಮಾಯವಾಗುವಷ್ಟು ಮಸುಕು ಮಾಡಿದರೆ ಉಳಿಯುವುದು ಹೆಚ್ಚುಕಡಿಮೆ ಬೆಳಕು ನೆರಳಿನ ನಕ್ಷೆ. ಅದನ್ನು ಹೊಸ ನೆಲದ ಮೇಲೆ `Multiply` ಮೋಡ್‌ನಲ್ಲಿಟ್ಟರೆ ಬಿಸಿಲು ಮತ್ತು ಕುರ್ಚಿಯ ನೆರಳು ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ. ಒಂದು ಎಚ್ಚರ ಬೇಕು. ಮಿರುಗುವ ಟೈಲ್ಸಿನ ಮೇಲೆ ಕಾಣುವ ಬಿಳಿ ಮಚ್ಚೆಗಳೆಲ್ಲ ಬಿಸಿಲಲ್ಲ, ಕೆಲವು ಕಿಟಕಿಯ ಪ್ರತಿಬಿಂಬ. ಹೊಳೆಯುವ ರೆಡ್ ಆಕ್ಸೈಡ್ ಮೇಲೆ ಅದು ಒಪ್ಪುತ್ತದೆ. ಹೊಳಪಿಲ್ಲದ ಮರದ ನೆಲ ಹಾಕಿದರೆ ಅದೇ ಮಚ್ಚೆ ಚೆಲ್ಲಿದ ಹಾಲಿನಂತೆ ಕಾಣುತ್ತದೆ, ಬಳಿದು ತೆಗೆಯಲೇಬೇಕು.

ಅಂಗಡಿಯಲ್ಲಿ ನೋಡಿ ಬಂದ ಇಂಥದ್ದೇ ಟೈಲ್ಸ್ ಬೇಕು ಎಂದಾದರೆ ಬರೀ ವರ್ಣನೆಯಿಂದ ಕೆಲಸವಾಗುವುದಿಲ್ಲ. ಮಾದರಿ ಕೊಡುವುದು ಅಂಥದ್ದೊಂದನ್ನು ಮಾತ್ರ. ಅದರ ಟೈಲ್ಸ್ ಗೆರೆಗಳು ಸೋಫಾದ ಒಂದು ಬದಿಯಲ್ಲಿ ಒಳಹೋಗಿ ಇನ್ನೊಂದು ಬದಿಯಲ್ಲಿ ಅರ್ಧ ಅಡಿ ಸರಿದು ಹೊರಬರುತ್ತವೆ. ಹಿಂದಕ್ಕೆ ಹೋದಂತೆ ಟೈಲ್ಸುಗಳು ಒಂದಳತೆಯಿಲ್ಲದೆ ಕುಗ್ಗುತ್ತವೆ. ಇಂಥ ಕಡೆ ಹಳೆಯ ವಿಧಾನವೇ ಗಟ್ಟಿ. ಕಣ್ಣಿಗೆ ಕಾಣುವ ನೆಲದಲ್ಲಿ ನಾಲ್ಕು ಮೂಲೆ ಗುರುತಿಸಿ, ಟೈಲ್ಸಿನ ನೇರ ಚಿತ್ರವನ್ನು ಆ ನಾಲ್ಕು ಬಿಂದುಗಳಿಗೆ ಎಳೆದು ಕೂರಿಸುವುದು. ಅಳತೆಗೋಲು ಫೋಟೋದಲ್ಲೇ ಇದೆ. ಹಳೆಯ ಟೈಲ್ಸ್ ಎರಡಡಿಗೆ ಎರಡಡಿ. ಅಡ್ಡಕ್ಕೆ ಆರು, ಉದ್ದಕ್ಕೆ ಐದು ಎಣಿಸಿದರೆ ಆ ಚೌಕ ಹನ್ನೆರಡಡಿಗೆ ಹತ್ತಡಿ. ಅದರಲ್ಲಿ ನಾಲ್ಕಡಿಗೆ ಎರಡಡಿಯ ಹೊಸ ಟೈಲ್ಸ್ ಅಡ್ಡಕ್ಕೆ ಮೂರು, ಉದ್ದಕ್ಕೆ ಐದು ಬರಬೇಕು. ಎಳೆದು ಕೂರಿಸಿ, ಬೆಳಕಿನ ನಕ್ಷೆ ಹೊದಿಸಿ, ಕೊನೆಗೆ ಬೇಕಿದ್ದರೆ ಡಿಫ್ಯೂಷನ್ ಮಾದರಿಯಿಂದ ತೀರಾ ಕಡಿಮೆ ಬಲದಲ್ಲಿ, 0.2 ಅಥವಾ 0.3ರಲ್ಲಿ, ಮೇಲ್ಮೈಯನ್ನು ಒಮ್ಮೆ ಸವರಿಸಬಹುದು. ಟೈಲ್ಸ್ ಕಂಪನಿಯ ವಿನ್ಯಾಸದಲ್ಲಿ ಸಣ್ಣ ಬಳ್ಳಿ, ನಕ್ಷತ್ರ ಇದ್ದರೆ ಅಷ್ಟನ್ನೂ ಮಾಡಿಸದಿರುವುದೇ ಲೇಸು.

ಸೋಫಾ, ನೆಲ ಎರಡೂ ಬದಲಾಗಬೇಕಾದಾಗ ಹೆಚ್ಚಿನವರು ಸೋಫಾದಿಂದ ಶುರುಮಾಡುತ್ತಾರೆ, ಅದೇ ಕಣ್ಣಿಗೆ ಮೊದಲು ಬೀಳುವುದರಿಂದ. ಹಾಗೆ ಮಾಡಿದರೆ ಹೊಸ ಸೋಫಾದ ತೇಗದ ಕಾಲುಗಳ ಸುತ್ತ ಮತ್ತೆ ಮಾಸ್ಕ್ ಕೊರೆಯುವ ಕೆಲಸ, ಬಿಳಿ ನೆಲಕ್ಕೆಂದು ಬಿದ್ದ ನೆರಳು ಕೆಂಪು ನೆಲದಲ್ಲಿ ಅನಾಥ. ಮೊದಲು ಹಳೆಯ ಸೋಫಾವನ್ನು ಅಳಿಸಿ ಹಾಲನ್ನು ಖಾಲಿ ಮಾಡಬೇಕು. ಬರೀ ತೆರವಿಗೆ 2021ರ ಲಾಮಾದಂಥ ಉಪಕರಣ ವಾಸಿ, ಅದು ಹೊಸ ವಸ್ತು ಕಲ್ಪಿಸಲು ಹೋಗದೆ ಸುತ್ತಲಿನ ನೆಲ ಗೋಡೆಯನ್ನೇ ಮುಂದುವರಿಸುತ್ತದೆ. ಆಮೇಲೆ ಖಾಲಿ ಹಾಲಿಗೆ ನೆಲ. ಕೊನೆಗೆ ಸೋಫಾ. ಆಗ ಕೆಂಪು ನೆಲವನ್ನು ನೋಡಿಕೊಂಡೇ ಮಾದರಿ ಸೋಫಾ ಬರೆಯುತ್ತದೆ. ನೆರಳು, ಪ್ರತಿಬಿಂಬ, ಬಟ್ಟೆಯ ಕೆಳಗಂಚಿಗೆ ನೆಲದಿಂದ ಏರಿದ ಚೂರು ಕೆಂಪು, ಎಲ್ಲ ಒಟ್ಟಿಗೆ ಬರುತ್ತವೆ.

ಸುತ್ತಲನ್ನು ಕದಡಬಾರದು ಎಂಬ ನಿಯಮ ಒಂದು ಕಡೆ ಸಡಿಲಬೇಕು. ಎದುರಿನ ಷೋಕೇಸಿನ ಗಾಜು, ಆರಿಸಿದ ಟಿವಿಯ ಕಪ್ಪು ಪರದೆ, ಕನ್ನಡಿ, ಇವುಗಳಲ್ಲಿ ಹಳೆಯ ಕಂದು ಸೋಫಾ ಇನ್ನೂ ಕೂತಿರುತ್ತದೆ. `Difference` ಪರೀಕ್ಷೆ ಇದನ್ನು ತಪ್ಪೆಂದು ತೋರಿಸುವುದಿಲ್ಲ, ಅಲ್ಲಿ ಏನೂ ಬದಲಾಗಿಲ್ಲವಲ್ಲ. ಗಾಜುಗಳಿಗೆ ಬೇರೆ ಸಣ್ಣ ಮಾಸ್ಕ್ ಹಾಕಿ ಬೇರೆಯಾಗಿ ಬರೆಸಬೇಕು. ಹಾಗೆಯೇ ಹೊಸ ಭಾಗವನ್ನು ದೊಡ್ಡದು ಮಾಡಿ ನೋಡಿದರೆ ಅದು ಅತಿ ನಯವಾಗಿರುತ್ತದೆ, ಏಕೆಂದರೆ ಮೊಬೈಲ್ ಕ್ಯಾಮೆರಾ ಮಬ್ಬು ಬೆಳಕಿನಲ್ಲಿ ಹಾಕುವ ಸಣ್ಣ ಕಾಳು ಅದರಲ್ಲಿಲ್ಲ. ಆ ಕಾಳನ್ನು ಒಂದಿಷ್ಟು ಸೇರಿಸಿದರೆ ಬೆಸುಗೆ ಮುಚ್ಚುತ್ತದೆ.

ಕಡೆಗೆ ಅಳತೆ. ಮಾದರಿಗೆ ಅಡಿ ಅಂಗುಲ ಗೊತ್ತಿಲ್ಲ, ಕೊಟ್ಟ ಮಾಸ್ಕನ್ನು ತುಂಬುವುದಷ್ಟೇ ಗೊತ್ತು. ಒಂಬತ್ತಡಿ ಅಗಲದ ಮಾಸ್ಕ್ ಕೊಟ್ಟರೆ ಒಂಬತ್ತಡಿಯ ‘ಮೂರು ಜನರ ಸೋಫಾ’ ಬರುತ್ತದೆ. ಅಂಗಡಿಯ ಸೋಫಾ ಏಳಡಿಯದ್ದಾದರೆ ಮನೆಗೆ ಬಂದಾಗ ಪಕ್ಕದಲ್ಲಿ ಎರಡಡಿ ಖಾಲಿ. ಏಳಡಿ ಎಂದರೆ ಹಳೆಯ ಟೈಲ್ಸಿನ ಲೆಕ್ಕದಲ್ಲಿ ಮೂರೂವರೆ. ನೆಲ ಬದಲಿಸುವ ಮುನ್ನ, ಆ ಸಂದುಗೆರೆಗಳು ಇನ್ನೂ ಇರುವಾಗಲೇ, ಹೊಸ ಸೋಫಾದ ಮುಂಗಾಲುಗಳು ನಿಲ್ಲುವ ಸಾಲಿನಲ್ಲಿ ಮೂರೂವರೆ ಟೈಲ್ಸ್ ಎಣಿಸಿ ಎರಡು ಗುರುತು ಹಾಕಿಟ್ಟುಕೊಂಡು, ಸೋಫಾದ ಮಾಸ್ಕನ್ನು ಆ ಗುರುತುಗಳಿಂದ ತುಸುವೇ ಆಚೆಗೆ ನಿಲ್ಲಿಸಬೇಕು.